ಒಳಪೊರೆಯ ಬುಡಕ್ಕೆ ಬಿಸಿ: ಅತಿಸ್ರಾವಕ್ಕೊಂದು ಚಿಕಿತ್ಸೆ

ಮುಟ್ಟು ನಿಂತರೆ ‘ಕೆಟ್ಟ ರಕ್ತ’ ಮೈಯಲ್ಲೇ ಉಳಿದುಬಿಡುತ್ತದೆ ಎಂಬ ನಂಬಿಕೆ ಓದಿದವರ ಮನೆಗಳಲ್ಲೂ ಗಟ್ಟಿಯಾಗಿದೆ. ಅತಿಸ್ರಾವ ತಡೆಯಲು ಗರ್ಭಕೋಶದ ಒಳಪೊರೆಯನ್ನು ಸುಡುವ ಎಂಡೊಮೆಟ್ರಿಯಲ್ ಅಬ್ಲೇಶನ್ ಚಿಕಿತ್ಸೆಗೂ ಇದೇ ಆಕ್ಷೇಪ ಎದುರಾಗುತ್ತದೆ. ಆದರೆ ಮುಟ್ಟಿನ ರಕ್ತ ಎಲ್ಲೋ ಶೇಖರವಾಗಿದ್ದು ತಿಂಗಳಿಗೊಮ್ಮೆ ಹೊರಬೀಳುವಂಥದ್ದಲ್ಲ. ಆ ತಿಂಗಳು ಬೆಳೆದ ಪೊರೆ ಕಳಚುವಾಗ ಅದರೊಳಗಿನ ಪುಟ್ಟ ರಕ್ತನಾಳಗಳಿಂದ ಒಸರುವುದೇ ಆ ರಕ್ತ. ಪೊರೆಯೇ ಬೆಳೆಯದಿದ್ದರೆ ಒಳಗೆ ನಿಲ್ಲಲು ಏನೂ ಇರುವುದಿಲ್ಲ. ಇದಕ್ಕೊಂದು ಅಪವಾದವಿದೆ; ಅದನ್ನು ಮುಂದೆ ನೋಡೋಣ.

ಪೊರೆಯ ಮೇಲ್ಪದರ ಪ್ರತಿ ತಿಂಗಳು ಕಳಚುತ್ತದೆ, ತಳಪದರ ಉಳಿಯುತ್ತದೆ. ಕೊಯ್ದ ಗರಿಕೆ ಬೇರಿನಿಂದ ಮತ್ತೆ ಚಿಗುರುವ ಹಾಗೆ, ತಳಪದರದ ಗ್ರಂಥಿಗಳಿಂದ ಮೇಲ್ಪದರ ಮತ್ತೆ ಹುಟ್ಟುತ್ತದೆ. ಪೊರೆಯನ್ನು ಕೆರೆದು ತೆಗೆಯುವ ‘ಡಿ ಅಂಡ್ ಸಿ’ಯಿಂದ ಅತಿಸ್ರಾವ ಒಂದೆರಡು ತಿಂಗಳಷ್ಟೇ ಹತೋಟಿಗೆ ಬರುವುದು ಇದೇ ಕಾರಣಕ್ಕೆ. ಹಾಗೆ ಕೆರೆಯುವಾಗ ತಳಪದರವೂ ಹೋದರೆ ಗರ್ಭಕೋಶದ ಗೋಡೆಗಳು ಅಂಟಿಕೊಂಡು ಮುಟ್ಟು ನಿಲ್ಲಬಹುದೆಂದು ಸ್ತ್ರೀರೋಗ ತಜ್ಞ ಜೋಸೆಫ್ ಆಶರ್‌ಮನ್ 1948ರಲ್ಲಿ ವಿವರಿಸಿದ್ದರು. ಅಂದು ತೊಡಕೆನಿಸಿದ್ದ ಆ ಗಾಯವನ್ನೇ ಅಬ್ಲೇಶನ್ ಬೇಕೆಂದೇ ಉಂಟುಮಾಡುತ್ತದೆ. ಗ್ರಂಥಿಗಳ ಬುಡ ಸ್ನಾಯುವಿನೊಳಕ್ಕೂ ಇಳಿದಿರುವುದರಿಂದ ಬಿಸಿ ನಾಲ್ಕೈದು ಮಿಲಿಮೀಟರ್ ಆಳಕ್ಕೆ ತಲುಪಬೇಕು. ಗೋಡೆಯನ್ನು ದಾಟಿದರೆ ಆಚೆಗಿರುವುದು ಕರುಳು.

ಈ ಎಚ್ಚರಿಕೆಯಿಂದಲೇ ಯಾರಿಗೆ ಇದು ಸೂಕ್ತ ಎಂಬುದು ನಿರ್ಧಾರವಾಗುತ್ತದೆ. 46 ವರ್ಷದ, ಇಬ್ಬರು ಮಕ್ಕಳ ತಾಯಿಯೊಬ್ಬರನ್ನು ಕಲ್ಪಿಸಿಕೊಳ್ಳೋಣ. ಅತಿಸ್ರಾವದಿಂದ ಅವರ ಹಿಮೋಗ್ಲೋಬಿನ್ 8ಕ್ಕೆ ಇಳಿದಿದೆ, ಟ್ರಾನೆಕ್ಸಮಿಕ್ ಆಸಿಡ್ ಮಾತ್ರೆ ಸಾಲುತ್ತಿಲ್ಲ, ಗರ್ಭಕೋಶದೊಳಗಿಡುವ, ಹಾರ್ಮೋನ್ ಸೂಸುವ ವಂಕಿ ಒಗ್ಗಲಿಲ್ಲ, ಇನ್ನು ಮಕ್ಕಳು ಬೇಡ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಆಗಲಿ ಅದರ ಮುನ್ಸೂಚನೆಯಾಗಲಿ ಕಂಡಿಲ್ಲ. ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದ ಒಳಾವರಣದ ಆಕಾರ ಸರಿಯಾಗಿದೆ, ದೊಡ್ಡ ಗಡ್ಡೆಗಳಿಲ್ಲ. ಇವರು ತಕ್ಕ ಅಭ್ಯರ್ಥಿ. ಮುಂದೆ ಮಗು ಬೇಕೆನ್ನುವವರಿಗೆ, ಸೋಂಕಿರುವವರಿಗೆ, ಗರ್ಭಕೋಶದ ಮೇಲ್ಭಾಗವನ್ನು ಉದ್ದಕ್ಕೆ ಸೀಳಿದ ಸಿಸೇರಿಯನ್ ಆದವರಿಗೆ ಇದನ್ನು ಮಾಡುವಂತಿಲ್ಲ.

ಉಪಕರಣಗಳು ಹಲವು ಇದ್ದರೂ ರೇಡಿಯೋ ತರಂಗದ ಜಾಲರಿಯ ವಿಧಾನ ನನಗೆ ಅತ್ಯಂತ ಜಾಣತನದ್ದೆನಿಸುತ್ತದೆ. ಅರಿವಳಿಕೆ ಕೊಟ್ಟು, ಹೊಟ್ಟೆ ಕೊಯ್ಯದೆ, ಗರ್ಭಕೊರಳಿನ ಮೂಲಕ ಮಡಿಚಿದ ಲೋಹಲೇಪಿತ ಜಾಲರಿಯನ್ನು ಒಳಗಿಟ್ಟು ತ್ರಿಕೋನಾಕಾರಕ್ಕೆ ಬಿಚ್ಚುತ್ತಾರೆ. ಮೊದಲು ಸ್ವಲ್ಪ ಇಂಗಾಲದ ಡೈಆಕ್ಸೈಡ್ ಹಾಯಿಸುತ್ತಾರೆ. ಒತ್ತಡ ನಿಲ್ಲದಿದ್ದರೆ ಗೋಡೆಯಲ್ಲಿ ರಂಧ್ರವಿರಬಹುದೆಂಬ ಶಂಕೆಯಿಂದ ಯಂತ್ರ ವಿದ್ಯುತ್ತನ್ನೇ ಬಿಡುವುದಿಲ್ಲ. ಒಳಾವರಣದ ಉದ್ದ ಮತ್ತು ಅಗಲವನ್ನು ಸೆಂಟಿಮೀಟರಿನಲ್ಲಿ ಅಳೆದು, ಗುಣಿಸಿ, ಮತ್ತೆ 5.5ರಿಂದ ಗುಣಿಸಿದರೆ ಬೇಕಾದ ಶಕ್ತಿ ಸಿಗುತ್ತದೆ: ನಮ್ಮ ಮಹಿಳೆಗೆ ಉದ್ದ 5, ಅಗಲ 4 ಆದರೆ 110 ವ್ಯಾಟ್. ಒದ್ದೆ ಪೊರೆಯಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ. ಅದು ಬೆಂದು ಒಣಗಿದಂತೆ ರೋಧ ಏರುತ್ತದೆ. ರೋಧ 50 ಓಮ್ ಮುಟ್ಟಿದರೆ ಅಥವಾ ಎರಡು ನಿಮಿಷವಾದರೆ ಯಂತ್ರ ತಾನಾಗಿ ನಿಲ್ಲುತ್ತದೆ. ಸಾಮಾನ್ಯವಾಗಿ ಒಂದೂವರೆ ನಿಮಿಷ ಸಾಕು. ಪೊರೆ ಎಷ್ಟು ದಪ್ಪವಿದೆಯೆಂದು ವೈದ್ಯರು ಊಹಿಸಬೇಕಿಲ್ಲ, ಅಂಗಾಂಶವೇ ಅದನ್ನು ತಿಳಿಸುತ್ತದೆ.

ಅಂದೇ ಮನೆಗೆ ಹೋಗಬಹುದು. ಆ ದಿನ ಮುಟ್ಟಿನಂಥ ಹೊಟ್ಟೆನೋವು, ನಂತರ ಕೆಲವು ವಾರ ನೀರಿನಂಥ ಸ್ರಾವ ಸಹಜ. ಜ್ವರ, ದುರ್ವಾಸನೆಯ ಸ್ರಾವ ಅಥವಾ ಹೆಚ್ಚುತ್ತಲೇ ಹೋಗುವ ನೋವು ಸಹಜವಲ್ಲ. ಕೂಡಲೇ ಆಸ್ಪತ್ರೆಗೆ ಹೋಗಬೇಕು. ಫಲಿತಾಂಶವನ್ನು ಅಳೆಯಲು ಮೂರು ತಿಂಗಳಾದರೂ ಕಾಯಬೇಕು. ಹೆಚ್ಚಿನವರಿಗೆ ಸ್ರಾವ ಗಣನೀಯವಾಗಿ ಕಡಿಮೆಯಾಗುತ್ತದೆ, ಆದರೆ ಪೂರ್ತಿ ನಿಲ್ಲುವುದು ಎಲ್ಲರಿಗೂ ಅಲ್ಲ. ಅಂಡಾಶಯಗಳು ಎಂದಿನಂತೆ ಕೆಲಸ ಮಾಡುವುದರಿಂದ ಇದು ಮುಟ್ಟಂತ್ಯವೂ ಅಲ್ಲ, ಗರ್ಭನಿರೋಧವೂ ಅಲ್ಲ. ಆಮೇಲೆ ಗರ್ಭ ನಿಂತರೆ ಗರ್ಭಪಾತದ ಮತ್ತು ಮಾಸು ಗೋಡೆಗೆ ಬಲವಾಗಿ ಅಂಟಿಕೊಳ್ಳುವ ಅಪಾಯವಿರುವುದರಿಂದ ಗರ್ಭನಿರೋಧಕ ಬೇಕೇ ಬೇಕು.

ಮೇಲೆ ಹೇಳಿದ ಅಪವಾದ ಇದು. ಜಾಲರಿ ತಲುಪದ ಮೂಲೆಗಳಲ್ಲಿ, ಮುಖ್ಯವಾಗಿ ಗರ್ಭನಾಳ ಸೇರುವಲ್ಲಿ, ಪೊರೆಯ ತುಣುಕು ಉಳಿದು, ಕೆಳಗೆ ಗಾಯ ಕಟ್ಟಿಕೊಂಡರೆ ರಕ್ತ ನಿಜವಾಗಿಯೂ ಸಿಕ್ಕಿಬೀಳುತ್ತದೆ. ಗರ್ಭನಾಳ ಕಟ್ಟಿಸಿಕೊಂಡವರಲ್ಲಿ ಅದು ನಾಳದ ಬುಡವನ್ನೂ ಉಬ್ಬಿಸುತ್ತದೆ. ಸ್ರಾವವಿಲ್ಲದೆ ತಿಂಗಳಿಗೊಮ್ಮೆ ಬರುವ ನೋವು ಇದರ ಗುರುತು. ಹೆರಿಗೆಯ ಬೆನ್ನಿಗೇ ಟ್ಯೂಬೆಕ್ಟಮಿ ಮಾಡಿಸಿಕೊಳ್ಳುವುದು ಸಾಮಾನ್ಯವಾಗಿರುವ ನಮ್ಮಲ್ಲಿ ವೈದ್ಯರು ಇದನ್ನು ಮುಂಚೆಯೇ ತಿಳಿಸಬೇಕು. ವಯಸ್ಸೂ ಮುಖ್ಯ. ಕ್ಯಾಲಿಫೋರ್ನಿಯಾದಲ್ಲಿ ಅಬ್ಲೇಶನ್ ಆದ 3,681 ಮಹಿಳೆಯರ ಬಗ್ಗೆ 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು ಐವರಲ್ಲಿ ಒಬ್ಬರು ಮುಂದೆ ಗರ್ಭಕೋಶವನ್ನೇ ತೆಗೆಸಿಕೊಂಡಿದ್ದರು. ನಲವತ್ತರೊಳಗಿನವರಲ್ಲಿ ಆ ಸಾಧ್ಯತೆ ಇನ್ನೂ ಹೆಚ್ಚಿತ್ತು. ಮುಟ್ಟಂತ್ಯಕ್ಕೆ ವರ್ಷಗಳು ಕಡಿಮೆ ಉಳಿದಷ್ಟೂ ಉಳಿದ ತುಣುಕು ಬೆಳೆಯಲು ಕಾಲ ಕಡಿಮೆ.

ಮುಟ್ಟಂತ್ಯದ ನಂತರ ಹಾರ್ಮೋನ್ ಚಿಕಿತ್ಸೆ ಪಡೆಯುವಾಗಲೂ ಆ ತುಣುಕು ಇರಬಹುದೆಂದೇ ಎಣಿಸಿ ಪೊರೆಯನ್ನು ಬೆಳೆಸುವ ಈಸ್ಟ್ರೋಜೆನ್ ಜೊತೆ ಆ ಬೆಳವಣಿಗೆಯನ್ನು ತಡೆಯುವ ಪ್ರೊಜೆಸ್ಟರಾನ್ ಕೊಡಿಸಬೇಕು.