ಡಿಸಾಲ್ವ್ ಹಾಕಿದ್ರೆ ಯಾಕೆ ಕೂರ್ತಿಲ್ಲ?

ಪ್ರಶ್ನೆ: ಕೆ.ಆರ್. ಮಾರ್ಕೆಟ್ಟಲ್ಲಿ ಹೂವಿನ ರಾಶಿದು ಒಂದು ಕ್ಲಿಪ್, ಮಾಲೆ ಕಟ್ಟೋರ ಕೈದು ಒಂದು ಕ್ಲಿಪ್ ತೆಗೆದಿದೀನಿ, ಎರಡೂ ಹತ್ತತ್ತು ಸೆಕೆಂಡ್. ಪಕ್ಕಪಕ್ಕ ಇಟ್ಟು ಮಧ್ಯೆ ಡಿಸಾಲ್ವ್ ಹಾಕಿದ್ರೆ ಚಿತ್ರ ಅಲ್ಲೇ ಫ್ರೀಜ್ ಆಗತ್ತೆ. ಏನ್ ತಪ್ಪು ಮಾಡ್ತಿದೀನಿ?

ಕ್ಲಿಪ್‌ನ ಪೂರ್ತಿ ಬಳಸ್ಬಿಟ್ಟಿದೀರ, ಅಷ್ಟೇ. ಟೈಮ್‌ಲೈನಲ್ಲಿ ನಿಮ್ಮ ವಿಡಿಯೋ ಇರೋದೇ ಇಲ್ಲ, ಈ ಫೈಲನ್ನ ಇಲ್ಲಿಂದ ಇಲ್ಲಿವರೆಗೆ ತೋರ್ಸು ಅನ್ನೋ ಗುರುತು ಮಾತ್ರ ಇರತ್ತೆ. ಅದಕ್ಕೇ ಕಟ್ ಮಾಡಿ ತೆಗೆದ ಭಾಗ ಎಲ್ಲೂ ಹೋಗಿರಲ್ಲ, ತುದಿ ಹಿಡಿದು ಎಳೆದ್ರೆ ವಾಪಸ್ ಬರತ್ತೆ.

ಡಿಸಾಲ್ವ್ ಬೇಡೋದು ಆ ಬಚ್ಚಿಟ್ಟ ಭಾಗನೇ. ಒಂದು ಸೆಕೆಂಡಿನ ಡಿಸಾಲ್ವ್ ಕಟ್ಟಿನ ನಡುವೆ ಕೂತ್ರೆ, ಹೂವಿನ ಕ್ಲಿಪ್ ಕಟ್ ಆದ ಮೇಲೂ ಅರ್ಧ ಸೆಕೆಂಡ್ ಓಡ್ಬೇಕು, ಮಾಲೆ ಕ್ಲಿಪ್ ಅರ್ಧ ಸೆಕೆಂಡ್ ಮುಂಚೇನೇ ಶುರು ಆಗ್ಬೇಕು, ಆಗ್ಲೇ ಒಂದರೊಳಗೆ ಒಂದು ಕರಗೋದು. ನೀವು ಕೊನೇ ಫ್ರೇಮ್‌ವರೆಗೂ ಬಳಸಿರೋದ್ರಿಂದ ಆಚೆ ಏನೂ ಉಳ್ದಿಲ್ಲ, ಸಾಫ್ಟ್‌ವೇರ್ ಪಾಪ ಕೊನೇ ಫ್ರೇಮನ್ನೇ ಎಳೀತಾ ಇರತ್ತೆ. ಈ ಉಳಿಕೆಗೆ ಎಡಿಟರ್‌ಗಳು ಹ್ಯಾಂಡಲ್ ಅಂತಾರೆ.

ಈಗ ಡಿಸಾಲ್ವ್ ತೆಗೆದು, ಮೊದಲನೇ ಕ್ಲಿಪ್ಪಿನ ಕೊನೆ ಅರ್ಧ ಸೆಕೆಂಡ್, ಎರಡನೇದರ ಶುರುವಿನ ಅರ್ಧ ಸೆಕೆಂಡ್ ಒಳಗೆ ತಳ್ಳಿ. ಮಧ್ಯೆ ಖಾಲಿ ಜಾಗ ಬಿದ್ರೆ ಮುಚ್ಚಿ, ಇಲ್ಲಾಂದ್ರೆ ಅಲ್ಲಿ ಕಪ್ಪು ಕಾಣತ್ತೆ. ಆಮೇಲೆ ಹಾಕಿ, ಕೂರತ್ತೆ. ಒಟ್ಟು ವಿಡಿಯೋ 20ರಿಂದ 19 ಸೆಕೆಂಡ್ ಆಗಿರತ್ತೆ, ಅದಕ್ಕೆ ಶೂಟ್ ಮಾಡುವಾಗ್ಲೇ ಹಿಂದೆ ಮುಂದೆ ಎರಡೆರಡು ಸೆಕೆಂಡ್ ಜಾಸ್ತಿ ಓಡಿಸ್ಕೊಂಡ್ ಬನ್ನಿ. ನನ್ ಕೇಳಿದ್ರೆ ಇಲ್ಲಿ ನೇರ ಕಟ್ಟೇ ಚೆಂದ, ಹೂವಿಂದ ಕೈಗೆ ಕಣ್ಣು ತಾನಾಗೇ ಹೋಗತ್ತೆ.

ಜೊತೆಗೆ ಟ್ರ್ಯಾಕ್, ಅಂದ್ರೆ ಟೈಮ್‌ಲೈನಲ್ಲಿ ಒಂದರ ಮೇಲೊಂದು ಇರೋ ಸಾಲುಗಳ ವಿಷ್ಯನೂ ಹೇಳ್ಬಿಡ್ತೀನಿ, ಚಿಕ್ಕದು. ವಿಡಿಯೋ ಟ್ರ್ಯಾಕಲ್ಲಿ ಮೇಲಿರೋದು ಕೆಳಗಿರೋದನ್ನ ಮುಚ್ಚತ್ತೆ, ಹಾಗಾಗಿ ಹೂವಿನ ರೇಟ್ ಬರೆಯೋ ಟೈಟಲ್ ಮೇಲಿನ ಟ್ರ್ಯಾಕಲ್ಲಿರ್ಬೇಕು. ಆಡಿಯೋ ಹಾಗಲ್ಲ, ಎಲ್ಲಾ ಒಟ್ಟಿಗೇ ಕೇಳ್ಸತ್ತೆ.

ಅದಕ್ಕೇ ವಿಡಿಯೋದಲ್ಲಿ ಹೂ ಮಾರೋ ಅಜ್ಜಿ ಮಾತಾಡುವಾಗ ಹಿಂದಿನ ಮ್ಯೂಸಿಕ್ ತಗ್ಗಿಸ್ಬೇಕು, ಅಲ್ಲಿ ಕೀಫ್ರೇಮ್ ಬರತ್ತೆ. ಕೀಫ್ರೇಮ್ ಅಂದ್ರೆ ಈ ಕ್ಷಣಕ್ಕೆ ವಾಲ್ಯೂಮ್ ಇಷ್ಟು ಅಂತ ಇಡೋ ಒಂದು ಚುಕ್ಕಿ, ಎರಡು ಚುಕ್ಕಿ ಮಧ್ಯದ ಲೆಕ್ಕ ಸಾಫ್ಟ್‌ವೇರೇ ಹಾಕ್ಕೊಳತ್ತೆ, ಒಂದೇ ಚುಕ್ಕಿ ಇಟ್ರೆ ಏನೂ ಏರಿಳಿಯಲ್ಲ. ಅಜ್ಜಿ ಮಾತು 5ನೇ ಸೆಕೆಂಡಿಂದ 9ರವರೆಗೆ ಅಂದ್ಕೊಳಿ. 4.5ಕ್ಕೆ ಪೂರ್ತಿ, 5ಕ್ಕೆ ತಗ್ಗಿದ್ದು, 9ಕ್ಕೆ ಮತ್ತೆ ತಗ್ಗಿದ್ದೇ, 9.5ಕ್ಕೆ ಪೂರ್ತಿ, ಹೀಗೆ ನಾಲ್ಕು ಚುಕ್ಕಿ. ಎಲ್ಲರೂ ಮರೆಯೋದು ಆ ಮೂರನೇದನ್ನ, ಅದಾಗ್ಲೇ ತಗ್ಗಿದೆಯಲ್ಲ ಅಂತ. ಅದಿಲ್ದಿದ್ರೆ 5ನೇ ಸೆಕೆಂಡಿಂದ್ಲೇ ಮ್ಯೂಸಿಕ್ ಮೆಲ್ಲಗೆ ಏರ್ತಾ ಹೋಗಿ, ಅಜ್ಜಿ ಮೊಳಕ್ಕೆಷ್ಟು ಅಂತ ಹೇಳೋ ಹೊತ್ತಿಗೆ ಮಾತೇ ಕೇಳ್ಸಲ್ಲ.