ನಿನ್ನೆ ರಾತ್ರಿ ಆಡಿದ ತಂಡ ಇಂದು ಗೆಲ್ಲುವುದೇ: ಮೂರು ಕಾಲಂಗಳ ಲೆಕ್ಕ

ಪಂದ್ಯದಲ್ಲಿ ಯಾರು ಗೆಲ್ಲುತ್ತಾರೆ ಎಂದು ಊಹಿಸುವ ಲಾಜಿಸ್ಟಿಕ್ ರಿಗ್ರೆಶನ್ ಮಾಡೆಲನ್ನು ಕಂಪ್ಯೂಟರ್ ಒಂದು ಸೆಕೆಂಡಿನೊಳಗೆ ಕಟ್ಟಿಕೊಡುತ್ತದೆ. ಕೆಲಸವೆಲ್ಲ ಇರುವುದು ಅದಕ್ಕೂ ಮೊದಲು: ವಿಶ್ರಾಂತಿ, ತವರಿನ ಅನುಕೂಲ ಮತ್ತು ಫಾರ್ಮ್ ಎಂಬ ಮೂರು ಕಾಲಂಗಳನ್ನು ಸರಿಯಾಗಿ ತಯಾರಿಸುವುದರಲ್ಲಿ. ಮಾಡೆಲ್ ಕೆಟ್ಟಿತು ಎಂದರೆ ಸಾಮಾನ್ಯವಾಗಿ ಈ ಮೂರರಲ್ಲಿ ಒಂದು ಕಾಲಂ ತಪ್ಪಾಗಿದೆ ಎಂದೇ ಅರ್ಥ.

ಇದನ್ನು ಕಲಿಯಲು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಗಿಂತ ಒಳ್ಳೆಯ ಕಡೆ ಇಲ್ಲ. 30 ತಂಡಗಳು ತಲಾ 82 ಪಂದ್ಯ ಆಡುತ್ತವೆ, ಹಾಗಾಗಿ ಒಂದು ಋತುವಿಗೆ 1,230 ಪಂದ್ಯ. ಡ್ರಾ ಎಂಬುದೇ ಇಲ್ಲ. ಮೇಲಾಗಿ ಪ್ರತಿ ತಂಡವೂ ಋತುವಿನಲ್ಲಿ ಹಲವು ಸಲ ಎರಡು ರಾತ್ರಿ ಸತತವಾಗಿ ಆಡಬೇಕಾಗುತ್ತದೆ. ಇದಕ್ಕೆ ಬ್ಯಾಕ್ ಟು ಬ್ಯಾಕ್ ಎನ್ನುತ್ತಾರೆ. ಈಚಿನ ವರ್ಷಗಳಲ್ಲಿ ತಂಡವೊಂದಕ್ಕೆ ಹದಿನೈದರ ಆಸುಪಾಸಿನಲ್ಲಿ ಬರುತ್ತದೆ. ವಿಶ್ರಾಂತಿಯ ಪರಿಣಾಮವನ್ನು ಅಳೆಯಲು ಬೇಕಾದಷ್ಟು ಪಂದ್ಯಗಳು ಸಿಗುವುದು ಇದರಿಂದಲೇ.

ಮೊದಲು ಟೇಬಲ್‌ನ ಆಕಾರ ನಿರ್ಧಾರವಾಗಲಿ. ಒಂದು ಪಂದ್ಯಕ್ಕೆ ಒಂದೇ ಸಾಲು, ಅದೂ ಆತಿಥೇಯ ತಂಡದ ಕಡೆಯಿಂದ ಬರೆದದ್ದು: ಆತಿಥೇಯರು ಗೆದ್ದರೆ 1, ಸೋತರೆ 0. ಎರಡೂ ತಂಡಗಳಿಗೆ ಒಂದೊಂದು ಸಾಲು ಕೊಡುವುದು ತುಂಬಾ ಸಾಮಾನ್ಯವಾದ ತಪ್ಪು. ಆಗ ಒಂದೇ ಫಲಿತಾಂಶವನ್ನು ಎರಡು ಸಲ ಎಣಿಸಿದಂತಾಗಿ ಗುಣಾಂಕಗಳು ಇರುವುದಕ್ಕಿಂತ ನಿಖರವಾಗಿ ಕಾಣುತ್ತವೆ. ಸಾಲುಗಳನ್ನು ಯಾದೃಚ್ಛಿಕವಾಗಿ ಹಂಚಿದಾಗ ಒಂದೇ ಪಂದ್ಯದ ಒಂದು ಮುಖ ತರಬೇತಿಗೂ ಇನ್ನೊಂದು ಮುಖ ಪರೀಕ್ಷೆಗೂ ಹೋಗುವುದುಂಟು.

ಪ್ರತಿ ಸಾಲೂ ಆತಿಥೇಯರ ಕಡೆಯಿಂದಲೇ ಇದ್ದರೆ ತವರಿನ ಅನುಕೂಲಕ್ಕೆ ಬೇರೆ ಕಾಲಂ ಬೇಕಿಲ್ಲ, ಮಾಡೆಲ್‌ನ ಸ್ಥಿರಾಂಕವೇ ಅದು. ಆದರೂ `home` ಎಂಬ ಕಾಲಂ ಇಟ್ಟು, ಸ್ಥಿರಾಂಕವನ್ನು ತೆಗೆದುಬಿಡುವುದು ಉತ್ತಮ. ಕಾರಣ ತಟಸ್ಥ ಅಂಗಳಗಳು. 2020ರ ಜುಲೈ ಕೊನೆಗೆ ಎನ್‌ಬಿಎ ಮತ್ತೆ ಶುರುವಾದಾಗ 22 ತಂಡಗಳು ಫ್ಲಾರಿಡಾದ ಡಿಸ್ನಿ ವರ್ಲ್ಡ್ ಆವರಣದಲ್ಲೇ ಇದ್ದು ಆಡಿದವು. ವೇಳಾಪಟ್ಟಿಯಲ್ಲಿ ಒಂದು ತಂಡ ‘ಆತಿಥೇಯ’ ಎಂದೇ ನಮೂದಾಗಿತ್ತು, ಆದರೆ ಪ್ರೇಕ್ಷಕರೂ ಇರಲಿಲ್ಲ, ಪ್ರಯಾಣವೂ ಇರಲಿಲ್ಲ. ಅಂಥ ಪಂದ್ಯಗಳಿಗೆ `home` ಬೆಲೆ 0. ತಟಸ್ಥ ಅಂಗಳದಲ್ಲಿ ತಂಡಗಳನ್ನು ಅದಲುಬದಲು ಮಾಡಿದರೆ 60% ಇದ್ದ ಸಾಧ್ಯತೆ ಸರಿಯಾಗಿ 40% ಆಗಬೇಕು. ಸ್ಥಿರಾಂಕ ಉಳಿದಿದ್ದರೆ ಹಾಗೆ ಆಗುವುದಿಲ್ಲ.

ನಮ್ಮ ಐಪಿಎಲ್ ಡೇಟಾ ಹಿಡಿದವರಿಗೆ ಇದು ಇನ್ನೂ ಮುಖ್ಯ. 2020ರ ಇಡೀ ಟೂರ್ನಿ ಯುಎಇಯಲ್ಲಿ ನಡೆಯಿತು; 2022ರ ಲೀಗ್ ಪಂದ್ಯಗಳೆಲ್ಲ ಮುಂಬೈ, ಪುಣೆಯಲ್ಲಿ ನಡೆದವು. ಆ ವರ್ಷ ಆರ್‌ಸಿಬಿಗೆ ಚಿನ್ನಸ್ವಾಮಿಯಲ್ಲಿ ಒಂದೂ ಪಂದ್ಯವಿರಲಿಲ್ಲ. ಕ್ರೀಡಾಂಗಣದ ಕಾಲಂ ನೋಡದೆ, ಮೊದಲು ಬರೆದ ತಂಡವೇ ಆತಿಥೇಯ ಎಂದುಕೊಂಡರೆ ತವರಿನ ಗುಣಾಂಕ ಸೊನ್ನೆಯತ್ತ ಜಾರುತ್ತದೆ.

ಇನ್ನು ವಿಶ್ರಾಂತಿ. ಎರಡು ಪಂದ್ಯಗಳ ದಿನಾಂಕಗಳ ವ್ಯತ್ಯಾಸದಿಂದ ಒಂದನ್ನು ಕಳೆದರೆ ವಿಶ್ರಾಂತಿ ದಿನಗಳು. ನಿನ್ನೆ ಆಡಿ ಇಂದೂ ಆಡಿದರೆ ಸೊನ್ನೆ. ಪ್ರತಿ ಪಂದ್ಯಕ್ಕೆ ಎರಡು ತಂಡಗಳ ಎರಡು ಸಾಲುಗಳಿರುವ `g` ಎಂಬ ಟೇಬಲ್ ಬೇಕಾಗುವುದು ವಿಶ್ರಾಂತಿ ಮತ್ತು ಫಾರ್ಮ್ ಲೆಕ್ಕ ಹಾಕುವಾಗ ಮಾತ್ರ. ಕಾಲಂಗಳು ತಯಾರಾದ ಮೇಲೆ ಪಂದ್ಯಕ್ಕೆ ಒಂದೇ ಸಾಲು ಬರುವಂತೆ `m` ಎಂಬ ಟೇಬಲ್‌ಗೆ ಜೋಡಿಸಬೇಕು.

```python
g = g.sort_values("date")
gap = g.groupby(["season", "team"])["date"].diff().dt.days
g["rest"] = gap - 1
g["b2b"] = (g["rest"] == 0).astype(int)
```

ಇಲ್ಲಿ ಕೈಕೊಡುವುದು ದಿನಾಂಕ. ಹಲವು ಫೈಲುಗಳಲ್ಲಿ ಸಮಯ ಯುಟಿಸಿಯಲ್ಲಿರುತ್ತದೆ. ಚಳಿಗಾಲದಲ್ಲಿ ನ್ಯೂಯಾರ್ಕಿನ ಶನಿವಾರ ಸಂಜೆ 7:30ರ ಪಂದ್ಯ ಯುಟಿಸಿಯಲ್ಲಿ ಭಾನುವಾರ 00:30, ನಮಗೆ ಭಾನುವಾರ ಬೆಳಗ್ಗೆ 6 ಗಂಟೆ. ಅದೇ ತಂಡ ಭಾನುವಾರ ಮಧ್ಯಾಹ್ನ 1ಕ್ಕೆ ಮತ್ತೆ ಆಡಿದರೆ ಯುಟಿಸಿಯಲ್ಲಿ ಅದೂ ಭಾನುವಾರವೇ, ವಿಶ್ರಾಂತಿ ಮೈನಸ್ 1 ಎಂದು ಬರುತ್ತದೆ. ಇದಾದರೆ ಕಣ್ಣಿಗೆ ಬೀಳುತ್ತದೆ. ತಿರುಗಾಮುರುಗಾ ಆದಾಗ ಬೀಳುವುದಿಲ್ಲ: ಶನಿವಾರ ಮಧ್ಯಾಹ್ನ ಆಡಿ ಭಾನುವಾರ ಸಂಜೆ ಆಡಿದ ತಂಡಕ್ಕೆ ಯುಟಿಸಿಯಲ್ಲಿ ಶನಿವಾರ ಮತ್ತು ಸೋಮವಾರ ಎಂದಾಗಿ, ಒಂದು ದಿನ ವಿಶ್ರಾಂತಿ ಸಿಕ್ಕಿತು ಎಂಬ ಸುಳ್ಳು ಲೆಕ್ಕ ಬರುತ್ತದೆ. `rest` ಕಾಲಂನಲ್ಲಿ ಒಂದೇ ಒಂದು ಮೈನಸ್ 1 ಕಂಡರೂ ಇಡೀ ಫೈಲಿನ ದಿನಾಂಕಗಳನ್ನು ಅಮೆರಿಕದ ಪೂರ್ವ ವಲಯದ ಸಮಯಕ್ಕೆ ತಂದು ಮತ್ತೆ ಲೆಕ್ಕ ಹಾಕಿ.

ವಿಶ್ರಾಂತಿ ದಿನಗಳನ್ನು ಹಾಗೆಯೇ ಮಾಡೆಲ್‌ಗೆ ಕೊಡಬಾರದು. ಸೊನ್ನೆಗೂ ಒಂದಕ್ಕೂ ಇರುವ ವ್ಯತ್ಯಾಸ ಆಟಗಾರನ ಕಾಲಿಗೆ ಗೊತ್ತಾಗುತ್ತದೆ, ಐದಕ್ಕೂ ಆರಕ್ಕೂ ಇರುವುದು ಗೊತ್ತಾಗುವುದಿಲ್ಲ. ಸರಳರೇಖೆಯ ಗುಣಾಂಕ ಎರಡನ್ನೂ ಒಂದೇ ತೂಕದಲ್ಲಿ ನೋಡುತ್ತದೆ. ಋತುವಿನ ನಡುವೆ ಆಲ್‌ಸ್ಟಾರ್ ವಿರಾಮವೂ ಬರುವುದರಿಂದ, ಸುಮಾರು ಒಂದು ವಾರದ ಬಿಡುವಿನ ಆ ಕೆಲವು ಸಾಲುಗಳೇ ಗುಣಾಂಕವನ್ನು ತಮ್ಮತ್ತ ಎಳೆದುಕೊಳ್ಳುತ್ತವೆ. ಹಾಗಾಗಿ `b2b` ಎಂಬ 0 ಅಥವಾ 1 ಸಾಕು. ಪ್ರವಾಸಿ ತಂಡದ `b2b`ಯಿಂದ ಆತಿಥೇಯರದ್ದನ್ನು ಕಳೆದರೆ `b2b_diff`: ಪ್ರವಾಸಿಗಳು ಮಾತ್ರ ದಣಿದಿದ್ದರೆ +1, ಆತಿಥೇಯರು ಮಾತ್ರ ದಣಿದಿದ್ದರೆ −1, ಉಳಿದಂತೆ 0.

ರಿಗ್ರೆಶನ್ ಯಾಕೆ ಬೇಕು, ಬ್ಯಾಕ್ ಟು ಬ್ಯಾಕ್ ಪಂದ್ಯಗಳ ಗೆಲುವಿನ ಪ್ರಮಾಣ ನೋಡಿದರೆ ಸಾಲದೇ ಎಂದು ಕೇಳಬಹುದು. ಸಾಲದು. ಎರಡನೇ ರಾತ್ರಿಯ ಪಂದ್ಯಗಳಲ್ಲಿ ಹೆಚ್ಚಿನವು ಪರಸ್ಥಳದಲ್ಲಿ ಬೀಳುತ್ತವೆ. ಆ ಸೋಲುಗಳಲ್ಲಿ ದಣಿವಿನ ಪಾಲೆಷ್ಟು, ಪರಸ್ಥಳದ ಪಾಲೆಷ್ಟು ಎಂಬುದು ಬರೀ ಶೇಕಡಾವಾರಿನಲ್ಲಿ ಕಲಸಿಹೋಗಿರುತ್ತದೆ. ಎರಡೂ ಕಾಲಂಗಳನ್ನು ಒಟ್ಟಿಗೆ ಕೊಟ್ಟಾಗಲೇ ಅವು ಬೇರೆಬೇರೆಯಾಗುತ್ತವೆ.

ಮೂರನೆಯದು ಫಾರ್ಮ್, ಮೂರರಲ್ಲಿ ಹೆಚ್ಚು ತೂಕವಿರುವುದೂ ಹೆಚ್ಚು ಮೋಸ ಮಾಡುವುದೂ ಇದೇ. ಕಳೆದ 10 ಪಂದ್ಯಗಳಲ್ಲಿ ಎಷ್ಟು ಗೆಲುವು ಎಂದು ಎಣಿಸುವುದು ರೂಢಿ. ಆದರೆ ಸರಿಯಾಗಿ ಅರ್ಧದಷ್ಟು ಪಂದ್ಯ ಗೆಲ್ಲುವ ತಂಡವೂ ಹತ್ತರಲ್ಲಿ 5 ಗೆಲುವಿನಿಂದ ಸುಮಾರು 1.6ರಷ್ಟು ಆಚೀಚೆ ಹೋಗುವುದು ಬರೀ ಆಕಸ್ಮಿಕದಿಂದಲೇ. ‘ಹತ್ತರಲ್ಲಿ ಏಳು ಗೆದ್ದಿದ್ದಾರೆ, ಭರ್ಜರಿ ಫಾರ್ಮ್’ ಎನ್ನುವುದಕ್ಕೆ ಅಲ್ಲಿ ಆಧಾರ ಕಡಿಮೆ. ಗೆಲುವಿನ ಬದಲು ಅಂಕಗಳ ಅಂತರವನ್ನು ತೆಗೆದುಕೊಳ್ಳಿ. 1 ಅಂಕದ ಗೆಲುವಿಗೂ 25 ಅಂಕದ ಗೆಲುವಿಗೂ ಇರುವ ವ್ಯತ್ಯಾಸ ಆಗ ಉಳಿಯುತ್ತದೆ. ಅದಕ್ಕೂ ಮೊದಲು, ಆತಿಥೇಯ ತಂಡಗಳು ಸರಾಸರಿ ಎಷ್ಟು ಅಂಕದಿಂದ ಮುಂದಿರುತ್ತವೆ ಎಂಬುದನ್ನು ಹಿಂದಿನ ಋತುಗಳ ಡೇಟಾದಿಂದ ಕಂಡುಕೊಂಡು, ತವರಿನ ಪಂದ್ಯದ ಅಂತರದಿಂದ ಅಷ್ಟನ್ನು ಕಳೆಯಿರಿ, ಪರಸ್ಥಳದ್ದಕ್ಕೆ ಕೂಡಿಸಿ; ಹೀಗೆ ಬಂದದ್ದೇ `margin` ಕಾಲಂ. ಇಲ್ಲದಿದ್ದರೆ ಸಾಲಾಗಿ ಆರು ಪಂದ್ಯ ಮನೆಯಲ್ಲೇ ಆಡಿದ ತಂಡ ಸುಮ್ಮನೆ ಫಾರ್ಮಿನಲ್ಲಿರುವಂತೆ ತೋರುತ್ತದೆ.

```python
def form(s):
    past = s.shift(1).rolling(20, min_periods=1)
    return past.sum() / (past.count() + 8)

g["form"] = (g.groupby(["season", "team"])["margin"]
              .transform(form).fillna(0))
```

ಇಲ್ಲಿ ಎರಡು ಸಣ್ಣ ವಿಷಯಗಳಿವೆ. ಛೇದದಲ್ಲಿರುವ 8 ಎಂದರೆ ಅಂತರ ಸೊನ್ನೆಯಿರುವ ಎಂಟು ಕಾಲ್ಪನಿಕ ಪಂದ್ಯಗಳನ್ನು ಸೇರಿಸಿದ ಹಾಗೆ. ಋತುವಿನ ಮೊದಲೆರಡು ಪಂದ್ಯ 20 ಮತ್ತು 16 ಅಂಕದಿಂದ ಗೆದ್ದ ತಂಡದ ಸರಾಸರಿ 18, ಯಾವ ತಂಡವೂ ಋತುವಿಡೀ ಉಳಿಸಿಕೊಳ್ಳಲಾಗದ ಸಂಖ್ಯೆ. 36ನ್ನು 10ರಿಂದ ಭಾಗಿಸಿದರೆ 3.6, ಇದು ನಂಬಬಹುದಾದದ್ದು. ಎಂಟೇ ಆಗಬೇಕೆಂದಿಲ್ಲ, 4, 8, 12 ಇಟ್ಟು ನೋಡಿ, ತರಬೇತಿಯ ಕೊನೆಯ ಋತುವಿನಲ್ಲಿ ಯಾವುದು ಚೆನ್ನಾಗಿ ನಡೆಯುತ್ತದೋ ಅದನ್ನು ಇಟ್ಟುಕೊಳ್ಳಿ.

ಎರಡನೆಯದು `shift(1)`. ಅದು ಬಿಟ್ಟುಹೋದರೆ ಇಂದಿನ ಪಂದ್ಯದ ಅಂತರವೇ ಇಂದಿನ ಫಾರ್ಮಿನೊಳಗೆ ಸೇರಿಕೊಳ್ಳುತ್ತದೆ, ಉತ್ತರವೇ ಪ್ರಶ್ನೆಯಲ್ಲಿ ನುಸುಳಿದಂತೆ. ಪತ್ತೆ ಹಚ್ಚುವುದು ಸುಲಭ: ಎನ್‌ಬಿಎಯಲ್ಲಿ ಪಂದ್ಯಕ್ಕೆ ಮುಂಚೆ ಹೇಳುವ ಒಳ್ಳೆಯ ಮಾಡೆಲ್‌ಗಳು ಸುಮಾರು ಮೂರರಲ್ಲಿ ಎರಡು ಪಂದ್ಯಗಳನ್ನು ಸರಿ ಹೇಳುತ್ತವೆ. ಈ ಮೂರೇ ಕಾಲಂಗಳಿಂದ 75% ದಾಟಿದರೆ ಸಂಭ್ರಮ ಪಡದೆ `shift` ಎಲ್ಲಿದೆ ಎಂದು ಹುಡುಕಿ. ಋತುವಿನ ಮೊದಲ ವಾರದಲ್ಲೇ ಮಾಡೆಲ್ ಅತಿ ಚೆನ್ನಾಗಿ ಹೇಳುತ್ತಿದ್ದರೆ ಸೋರಿಕೆ ಖಚಿತ, ಏಕೆಂದರೆ ಆಗ ಫಾರ್ಮಿನಲ್ಲಿ ಮಾಹಿತಿಯೇ ಇರಬಾರದು.

```python
X = m[["home", "b2b_diff", "form_diff"]]
lr = LogisticRegression(fit_intercept=False, C=1e6)
lr.fit(X, m["win"])
```

`form_diff` ಎಂದರೆ ಆತಿಥೇಯರ ಫಾರ್ಮಿನಿಂದ ಪ್ರವಾಸಿಗಳದ್ದನ್ನು ಕಳೆದದ್ದು. scikit-learn ಹೇಳದೆಯೇ ಗುಣಾಂಕಗಳನ್ನು ಸೊನ್ನೆಯತ್ತ ಕುಗ್ಗಿಸುತ್ತದೆ. ಮೂರೇ ಕಾಲಂ, ಸಾವಿರಾರು ಪಂದ್ಯ ಇರುವಲ್ಲಿ ಅದು ಬೇಡ. `C` ದೊಡ್ಡದಾಗಿಟ್ಟರೆ ಕುಗ್ಗುವುದು ನಿಲ್ಲುತ್ತದೆ.

ಉದಾಹರಣೆಗೆ ಗುಣಾಂಕಗಳು ತವರಿಗೆ 0.30, ಬ್ಯಾಕ್ ಟು ಬ್ಯಾಕ್‌ಗೆ 0.25, ಫಾರ್ಮಿನ ಒಂದು ಅಂಕಕ್ಕೆ 0.06 ಎಂದು ಬಂದಿವೆ ಎಂದಿಟ್ಟುಕೊಳ್ಳೋಣ. ಆತಿಥೇಯರ ಕಳೆದ 20 ಪಂದ್ಯಗಳ ಒಟ್ಟು ಅಂತರ −42, ಅಂದರೆ ಫಾರ್ಮ್ −42/28 = −1.5. ಪ್ರವಾಸಿಗಳದ್ದು +126, ಫಾರ್ಮ್ +4.5. ವ್ಯತ್ಯಾಸ −6. ಪ್ರವಾಸಿಗಳು ನಿನ್ನೆ ರಾತ್ರಿ ಬೇರೆ ಊರಿನಲ್ಲಿ ಆಡಿ ಬಂದಿದ್ದಾರೆ.

```
z = 0.30 + 0.25*(1) + 0.06*(-6) = 0.19
p = 1 / (1 + exp(-0.19)) = 0.547
```

ದುರ್ಬಲ ತಂಡವೇ 54.7% ಸಾಧ್ಯತೆಯೊಂದಿಗೆ ಮುಂದಿದೆ. ಪ್ರವಾಸಿಗಳಿಗೆ ಒಂದು ದಿನ ಬಿಡುವು ಸಿಕ್ಕಿದ್ದರೆ z ಬೆಲೆ −0.06 ಆಗಿ, ಸಾಧ್ಯತೆ 48.5%ಕ್ಕೆ ಇಳಿಯುತ್ತಿತ್ತು. ಒಂದು ರಾತ್ರಿಯ ನಿದ್ದೆ ಇಲ್ಲಿ ಆರು ಶೇಕಡಾ ಅಂಶದಷ್ಟು ತೂಗುತ್ತದೆ. ಆದರೆ ಅದೇ 0.25 ಎಲ್ಲ ಕಡೆ ಆರು ಅಂಶ ಅಲ್ಲ. ಮೊದಲೇ 90% ಇದ್ದ ತಂಡಕ್ಕೆ ಎದುರಾಳಿಯ ದಣಿವು ಸೇರಿದರೆ 92% ಆಗುತ್ತದೆ, ಅಷ್ಟೇ. ಸಮಬಲದ ಹತ್ತಿರ ಗುಣಾಂಕವನ್ನು 4ರಿಂದ ಭಾಗಿಸಿದರೆ ಸಾಧ್ಯತೆಯ ಏರಿಕೆ ಬಾಯಿಲೆಕ್ಕದಲ್ಲೇ ಸಿಗುತ್ತದೆ. ಅಂಚಿನಲ್ಲಿ ಆ ಉಪಾಯ ನಡೆಯದು.

ಈ 0.25ನ್ನು ಎಷ್ಟು ನಂಬಬಹುದು? ಒಂದು ಋತುವಿನಲ್ಲಿ ಒಂದೇ ತಂಡ ದಣಿದಿರುವ ಪಂದ್ಯಗಳು 350ರಷ್ಟು ಇವೆ ಎಂದುಕೊಂಡರೆ ಗುಣಾಂಕದ ಪ್ರಮಾಣ ದೋಷ ಸುಮಾರು 0.11. ನಿಜವಾದ ಬೆಲೆ 0.04ರಿಂದ 0.46ರವರೆಗೆ ಎಲ್ಲಿಯಾದರೂ ಇರಬಹುದು. ನಾಲ್ಕು ಋತು ಸೇರಿಸಿದರೆ ದೋಷ ಅರ್ಧಕ್ಕಿಳಿಯುತ್ತದೆ. ಐಪಿಎಲ್‌ನ ಒಂದು ಲೀಗ್ ಹಂತದ 70 ಪಂದ್ಯಗಳಲ್ಲಿ ತವರಿನ ಗುಣಾಂಕದ ದೋಷವೇ 0.24ರಷ್ಟು. ಒಂದು ವರ್ಷದ ಡೇಟಾದಿಂದ ಅಲ್ಲಿ ಏನನ್ನೂ ಗಟ್ಟಿಯಾಗಿ ಹೇಳಲಾಗದು.

ಹಾಗೆಂದು ಹಳೆಯ ಋತುಗಳನ್ನೆಲ್ಲ ಕಣ್ಣುಮುಚ್ಚಿ ತುಂಬುವುದೂ ಸರಿಯಲ್ಲ. ಬ್ಯಾಕ್ ಟು ಬ್ಯಾಕ್ ಗುಣಾಂಕದಲ್ಲಿರುವುದು ಬರೀ ದಣಿವಲ್ಲ. ಎರಡನೇ ರಾತ್ರಿ ತಾರಾ ಆಟಗಾರರನ್ನು ಕೂರಿಸುವ ಅಭ್ಯಾಸವೂ ಅದರಲ್ಲಿ ಸೇರಿದೆ. 2023-24ರಿಂದ ಎನ್‌ಬಿಎ ಅದಕ್ಕೆ ಕಡಿವಾಣ ಹಾಕುವ ನಿಯಮ ತಂದಿತು. ಪ್ರಮುಖ ಪ್ರಶಸ್ತಿಗಳಿಗೆ ಕನಿಷ್ಠ 65 ಪಂದ್ಯ ಆಡಿರಬೇಕು ಎಂದೂ ಮಾಡಿತು. ಪ್ರೇಕ್ಷಕರಿಲ್ಲದೆ ಅಥವಾ ಕೆಲವೇ ಪ್ರೇಕ್ಷಕರೊಂದಿಗೆ ಹಲವು ಪಂದ್ಯ ನಡೆದ 2020-21ರ 72 ಪಂದ್ಯಗಳ ಋತುವೂ ಬೇರೆಯದೇ. ಋತುವಾರು ಬೇರೆಬೇರೆ ಮಾಡೆಲ್ ಕಟ್ಟಿ ಗುಣಾಂಕಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ದೋಷದ ಮಿತಿಯೊಳಗೆ ಹೊಂದಿಕೊಳ್ಳುವ ಋತುಗಳನ್ನು ಮಾತ್ರ ಸೇರಿಸಿ.

ಪರೀಕ್ಷೆಗೆ ಯಾವಾಗಲೂ ಕೊನೆಯ ಋತುವನ್ನು ಪೂರ್ತಿಯಾಗಿ ಎತ್ತಿಡಿ, ಸಾಲುಗಳನ್ನು ಕಲಸಿ ಹಂಚಬೇಡಿ. ಅಳೆಯುವುದು ಎಷ್ಟು ಸರಿ ಹೇಳಿತು ಎಂಬುದರಿಂದಲ್ಲ, ಲಾಗ್ ಲಾಸ್‌ನಿಂದ: ವಿಶ್ವಾಸದಿಂದ ಹೇಳಿ ತಪ್ಪಿದಷ್ಟೂ ಹೆಚ್ಚು ದಂಡ ಹಾಕುವ ಅಳತೆ ಇದು, ಕಡಿಮೆಯಿದ್ದಷ್ಟೂ ಒಳ್ಳೆಯದು. ನಾಣ್ಯ ಚಿಮ್ಮಿದರೆ ಅದು 0.693, ಆತಿಥೇಯರು 55% ಗೆಲ್ಲುವ ಋತುವಿನಲ್ಲಿ ಪ್ರತಿ ಪಂದ್ಯಕ್ಕೂ ಅದೇ 55% ಎಂದರೆ 0.688. ನಿಮ್ಮ ಮಾಡೆಲ್ ಸೋಲಿಸಬೇಕಾದದ್ದು ಈ ಎರಡನೇ ಸಂಖ್ಯೆಯನ್ನು. ಆಮೇಲೆ 60ರಿಂದ 65% ಎಂದು ಹೇಳಿದ ಪಂದ್ಯಗಳನ್ನು ಬೇರೆ ತೆಗೆದು, ಅವುಗಳಲ್ಲಿ ನಿಜಕ್ಕೂ ಎಷ್ಟು ಗೆಲುವು ಎಂದು ಎಣಿಸಿ. 200 ಪಂದ್ಯಗಳಿದ್ದರೆ 56% ಅಥವಾ 69% ಬಂದರೂ ಗಾಬರಿ ಬೇಡ, ಅಷ್ಟು ಏರಿಳಿತ ಆಕಸ್ಮಿಕದ್ದೇ. ಆದರೆ ಮೇಲಿನ ಗುಂಪುಗಳಲ್ಲೆಲ್ಲ ಗೆಲುವು ಹೇಳಿದ್ದಕ್ಕಿಂತ ಕಡಿಮೆ, ಕೆಳಗಿನವುಗಳಲ್ಲೆಲ್ಲ ಹೆಚ್ಚು ಬಂದರೆ ಮಾಡೆಲ್ ಅತಿಯಾದ ವಿಶ್ವಾಸದಿಂದ ಮಾತಾಡುತ್ತಿದೆ. ಆಗ ಮೊದಲು ಮುಟ್ಟಬೇಕಾದದ್ದು ಫಾರ್ಮಿನ ಛೇದದಲ್ಲಿರುವ ಆ 8. ಅದನ್ನು 12ಕ್ಕೋ 16ಕ್ಕೋ ಏರಿಸಿ, ಮಾಡೆಲನ್ನು ಹಿಂದಿನ ಋತುಗಳ ಮೇಲೆ ಮತ್ತೆ ಕಟ್ಟಿ ನೋಡಿ.