ಮಾಸ್ಟ್ರು ಕಚೇರಿಯನ್ನು ಹೊಗಳಲೇ ಇಲ್ಲ

ಬೆಳಿಗ್ಗೆ ಎಂಟು ಗಂಟೆಗೆ ಫೋನು. ಕಾಸರಗೋಡಿನ ಕುಂಬಳೆ ಕಡೆಯ ನಿವೃತ್ತ ಮಾಸ್ಟ್ರೊಬ್ಬರದು. ‘ನಾನು ಯಾವಾಗ ಆ ಕಚೇರಿಯನ್ನು ಹೊಗಳಿದ್ದು ಮಾರಾಯ್ರೆ?’

ಗಡಿನಾಡಿನ ಪತ್ರಿಕೆಗಳಲ್ಲಿ ಬರುವ ಅಭಿಪ್ರಾಯ ಲೇಖನಗಳನ್ನು ನಾಲ್ಕು ಸಾಲಿಗೆ ಇಳಿಸಿ ಕೊಡುವುದು ನಮ್ಮ ಕೆಲಸ. ಹಿಂದಿನ ದಿನ ಅವರ ಲೇಖನದ ಸಾರಾಂಶ ಬರೆದದ್ದು ಹೊಸದಾಗಿ ಸೇರಿದ ಹುಡುಗ. ‘ಹಿರಿಯರಿಗೆ ಹೊಸ ಭಾಷೆ ಕಲಿಯಲು ಅವಕಾಶ ಕಲ್ಪಿಸಿದ ಕಚೇರಿಗೆ ಲೇಖಕರು ಕೃತಜ್ಞತೆ ಸಲ್ಲಿಸಿದ್ದಾರೆ’ ಎಂದು ಬರೆದಿದ್ದ. ಕರೆದು ಕೇಳಿದರೆ, ‘ಋಣಿಗಳು ಅಂತ ಅವರೇ ಬರೆದಿದ್ದಾರಲ್ಲ ಸರ್’ ಎಂದ. ಬರೆದದ್ದು ಹೌದು. ಮೂಲದ ಸಾಲುಗಳು ಹೀಗಿದ್ದವು:

‘ಎಪ್ಪತ್ತು ದಾಟಿದ ಮೇಲೆ ಮಲಯಾಳ ಅಕ್ಷರ ತಿದ್ದುವ ಭಾಗ್ಯ ಕರುಣಿಸಿದ ಕಚೇರಿಗೆ ನಾವು ಋಣಿಗಳು. ಒಂದು ಫಾರಮಿಗಾಗಿ ಮೂರು ಸಲ ಬಸ್ಸು ಹತ್ತಿಸಿ ನಮ್ಮ ಆರೋಗ್ಯವನ್ನೂ ನೋಡಿಕೊಂಡರು. ಕೊನೆಗೆ ನೆರೆಮನೆಯ ಹುಡುಗ ತುಂಬಿಸಿಕೊಟ್ಟ. ಸಹಿ ಹಾಕುವಾಗ ಅದರಲ್ಲಿ ಏನು ಬರೆದಿದೆ ಎಂದು ನನಗೆ ಗೊತ್ತಿರಲಿಲ್ಲ.’

ವ್ಯಂಗ್ಯ ‘ಋಣಿಗಳು’ ಎಂಬ ಪದದ ಒಳಗೆ ಕುಳಿತಿಲ್ಲ. ಅದು ಇರುವುದು ಆ ಪದಕ್ಕೂ ಮೂರು ಸಲದ ಬಸ್ಸಿಗೂ ನಡುವಿನ ಸಂದಿನಲ್ಲಿ. ಸಾರಾಂಶ ಬರೆಯುವವನು ಹೊಗಳಿಕೆಯೇ ಅಭಿಪ್ರಾಯ, ಬಸ್ಸು ಬರೀ ವಿವರ ಎಂದುಕೊಂಡು ವಿವರವನ್ನು ಕತ್ತರಿಸುತ್ತಾನೆ. ಸಂದು ಮುಚ್ಚಿಹೋಗಿ ಹೊಗಳಿಕೆ ಮಾತ್ರ ಉಳಿಯುತ್ತದೆ. ತಾಳಮದ್ದಳೆ ಕೇಳಿ ಬೆಳೆದ ಊರಿನವರಿಗೆ ಇದನ್ನು ಹೇಳಿಕೊಡಬೇಕಾಗುತ್ತದಲ್ಲ ಎಂದು ನನಗೆ ಸಿಟ್ಟು. ಸಂಧಾನಕ್ಕೆ ಬಂದ ಕೃಷ್ಣ ಕೌರವನ ಔದಾರ್ಯವನ್ನು ಕೊಂಡಾಡುವಾಗ ಸಭೆಯಲ್ಲಿ ಕುಳಿತ ಅಜ್ಜಿಯೂ ನಗುತ್ತಾಳೆ. ಅದೇ ಮಾತು ಅಚ್ಚಾಗಿ ಬಂದರೆ ನಮ್ಮ ಹುಡುಗರು ‘ಶ್ಲಾಘಿಸಿದ್ದಾರೆ’ ಎಂದು ಬರೆದುಬಿಡುತ್ತಾರೆ.

ನಾನು ಮಾಡಿಸುವುದು ಇಷ್ಟು. ಮೊದಲು ಹೊಗಳಿಕೆಯ ಮಾತುಗಳನ್ನೆಲ್ಲ ಪೆನ್ಸಿಲಿನಲ್ಲಿ ಹೊಡೆದುಹಾಕಿ, ನಡೆದದ್ದೇನು ಎಂಬುದನ್ನಷ್ಟೇ ಓದುವುದು. ಇಲ್ಲಿ ಉಳಿಯುವುದು ಮಲಯಾಳದ ಫಾರಂ, ಮೂರು ಓಡಾಟ, ಓದದೆ ಹಾಕಿದ ಸಹಿ. ಆಮೇಲೆ ‘ಆದ್ದರಿಂದ’ ಸೇರಿಸಿ ಹೊಗಳಿಕೆಯನ್ನು ಮತ್ತೆ ಜೋಡಿಸುವುದು: ‘ಫಾರಂ ಓದಲು ಬರಲಿಲ್ಲ, ಆದ್ದರಿಂದ ಋಣಿ.’ ಕೂಡುವುದಿಲ್ಲ. ಎಲ್ಲಿ ಕೂಡುವುದಿಲ್ಲವೋ ಅಲ್ಲಿ ಅನುಮಾನಪಡಬೇಕು. ಮೂರನೆಯದಾಗಿ, ಲೇಖಕರು ನಗು ಬಿಟ್ಟು ಮಾತಾಡಿದ ಸಾಲು ಹುಡುಕಬೇಕು. ಹೆಚ್ಚಿನ ವ್ಯಂಗ್ಯ ಲೇಖನಗಳಲ್ಲಿ ಅಂಥದ್ದೊಂದು ಇರುತ್ತದೆ, ಬಹಳ ಸಲ ಕೊನೆಯ ಹತ್ತಿರ. ಮಾಸ್ಟ್ರ ಲೇಖನದಲ್ಲಿ ಅದು ಸಹಿಯ ಸಾಲು. ಸಾರಾಂಶ ಶುರುವಾಗಬೇಕಾದದ್ದು ಅಲ್ಲಿಂದ.

ಹಿನ್ನೆಲೆಯೂ ಗೊತ್ತಿರಬೇಕು. ಇಲ್ಲಿನ ಕನ್ನಡಿಗರು ಸ್ಥಳೀಯ ಕಚೇರಿಗಳೊಂದಿಗೆ ಕನ್ನಡದಲ್ಲೇ ಪತ್ರವ್ಯವಹಾರ ನಡೆಸಬಹುದೆಂದು 1969ರಲ್ಲೇ ಕೇರಳದ ಅಧಿಕೃತ ಭಾಷಾ ಕಾಯ್ದೆ ಹೇಳಿದೆ. ಮಾಸ್ಟ್ರು ಅದನ್ನು ಬರೆದಿಲ್ಲ, ಓದುಗರಿಗೆ ಗೊತ್ತಿದೆ ಎಂದೇ ನಂಬಿದ್ದಾರೆ. ಅದು ಗೊತ್ತಿಲ್ಲದವನಿಗೆ ‘ಕರುಣಿಸಿದ’ ಎಂಬ ಮಾತಿನ ಕುಟುಕು ಪೂರ್ತಿ ತಾಗುವುದಿಲ್ಲ.

ಉದ್ಧರಣ ಚಿಹ್ನೆ ಹಾಕಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಕಚೇರಿಗೆ ‘ಋಣಿಗಳು’ ಎಂದಿದ್ದಾರೆ ಎಂದು ಬರೆದರೆ ಅವಸರದ ಓದುಗ ಚಿಹ್ನೆಯನ್ನು ದಾಟಿಕೊಂಡು ಹೋಗುತ್ತಾನೆ. ಹೊಗಳಿಕೆಯನ್ನು ಇಟ್ಟುಕೊಳ್ಳುವುದಾದರೆ ಬಸ್ಸನ್ನೂ ಇಟ್ಟುಕೊಳ್ಳಿ, ‘ವ್ಯಂಗ್ಯವಾಡಿದ್ದಾರೆ’ ಎಂಬ ಕ್ರಿಯಾಪದವನ್ನೂ ಕೊಡಿ. ಜಾಗವಿಲ್ಲದಿದ್ದರೆ ಹೊಗಳಿಕೆಯನ್ನೇ ಬಿಡಿ.

ಇದನ್ನೆಲ್ಲ ಕೇಳಿಸಿಕೊಂಡ ಹುಡುಗ ಎಲ್ಲವನ್ನೂ ತಿರುಗಿಸಿ ಬರೆದು ತಂದ: ‘ಕಚೇರಿಯ ಸಿಬ್ಬಂದಿಯನ್ನು ಲೇಖಕರು ತೀವ್ರವಾಗಿ ಖಂಡಿಸಿದ್ದಾರೆ.’ ಇದು ಇನ್ನೊಂದು ತಪ್ಪು. ಲೇಖನದ ನಡುವೆ, ಫಾರಮಿನ ಒಂದೊಂದು ಕಲಮನ್ನೂ ಬಾಯಲ್ಲಿ ಕನ್ನಡಕ್ಕೆ ತಿರುಗಿಸಿ ಹೇಳಲು ಕುಳಿತು, ಕಾದಿದ್ದ ಜನರ ಸಾಲು ಉದ್ದವಾದ್ದರಿಂದ ಅರ್ಧಕ್ಕೇ ಏಳಬೇಕಾಗಿ ಬಂದ ಗುಮಾಸ್ತೆಯೊಬ್ಬರ ಮಾತು ಬರುತ್ತದೆ. ‘ಆ ಹೆಣ್ಣುಮಗಳಿಗೆ ಪುಣ್ಯ ಬರಲಿ’ ಎಂದಿದ್ದಾರೆ ಮಾಸ್ಟ್ರು. ಅಲ್ಲಿ ‘ಆದ್ದರಿಂದ’ ಸರಿಯಾಗಿ ಕೂಡುತ್ತದೆ. ಆ ಹೊಗಳಿಕೆ ನಿಜವಾದದ್ದು. ಲೇಖನಕ್ಕೆ ಒಟ್ಟಾಗಿ ‘ವ್ಯಂಗ್ಯ’ ಎಂಬ ಚೀಟಿ ಅಂಟಿಸಿ ಎಲ್ಲವನ್ನೂ ಮಗುಚಿದರೆ ಆ ಗುಮಾಸ್ತೆಗೆ ಅನ್ಯಾಯ. ಮೇಲಾಗಿ ಮಾಸ್ಟ್ರ ದೂರು ಇದ್ದದ್ದು ಫಾರಮಿನ ಮೇಲೆ, ಮನುಷ್ಯರ ಮೇಲಲ್ಲ.

ಕೆಲವು ಸಾಲು ಎರಡು ಕಡೆಗೂ ವಾಲುತ್ತವೆ. ‘ಇಂಥ ಕಚೇರಿ ಬೇರೆ ಜಿಲ್ಲೆಗಳಲ್ಲಿ ಸಿಗಲಾರದು’ ಎಂದೂ ಒಂದು ಕಡೆ ಇತ್ತು. ಕುಟುಕೋ, ಗುಮಾಸ್ತೆಯ ನೆನಪೋ, ನನಗೆ ಗೊತ್ತಾಗಲಿಲ್ಲ. ಬಿಟ್ಟೆ.

ಮರುದಿನ ತಿದ್ದುಪಡಿಯಾಗಿ ಹೋದದ್ದು ಹೀಗೆ: ‘ಕನ್ನಡದ ಫಾರಂ ಸಿಗದೆ ಮೂರು ಸಲ ಅಲೆದು, ಕೊನೆಗೆ ಏನಿದೆಯೆಂದು ತಿಳಿಯದೆ ಸಹಿ ಹಾಕಬೇಕಾಯಿತು ಎಂದು ಲೇಖಕರು ಕಚೇರಿಯ ವ್ಯವಸ್ಥೆಯನ್ನು ವ್ಯಂಗ್ಯವಾಡಿದ್ದಾರೆ, ನೆರವಾಗಲು ಯತ್ನಿಸಿದ ಗುಮಾಸ್ತೆಯನ್ನು ಮೆಚ್ಚಿದ್ದಾರೆ.’

ಮಾಸ್ಟ್ರು ಮತ್ತೆ ಫೋನು ಮಾಡಿದರು. ‘ಈಗ ಸರಿ ಉಂಟು. ಆದರೆ ನಗು ಬರುವುದಿಲ್ಲ’ ಎಂದರು. ನಾಲ್ಕು ಸಾಲಿನಲ್ಲಿ ಅದನ್ನು ಉಳಿಸುವುದು ನನಗೂ ಬರುವುದಿಲ್ಲ ಎಂದೆ.